ಚಾರ್ಜರ್ ಚೀಟಿಯ ಫೋಟೊ ನೋಡಿ ನಾನು ಹೇಳುವುದು ಹೀಗೆ

ಮಂಗಳೂರಿನಿಂದ ದುಬೈಗೋ ದೋಹಾಕ್ಕೋ ಹೊರಟವರು ಲ್ಯಾಪ್‌ಟಾಪ್ ಚಾರ್ಜರಿನ ಫೋಟೊ ಕಳಿಸಿ "ಇದು ಅಲ್ಲಿ ಆಗ್ತದಾ ಮಾರಾಯ್ರೆ?" ಎಂದು ಕೇಳುತ್ತಾರೆ. ಉತ್ತರ ಚೀಟಿಯಲ್ಲೇ ಇರುತ್ತದೆ, ಆದರೆ ಮೊದಲು ಫೋಟೊ ಸರಿಯಾಗಿರಬೇಕು. ಕಪ್ಪು ಹೊಳಪಿನ ಮೇಲೆ ಬೂದು ಬಣ್ಣದ ಸಣ್ಣ ಅಕ್ಷರ. ಫ್ಲ್ಯಾಶ್ ಹಾಕಿದರೆ ಬೇಕಾದ ಅಂಕಿಯ ಮೇಲೆಯೇ ಬಿಳಿ ಕಲೆ ಬೀಳುತ್ತದೆ. ಹಾಗಾಗಿ ಫ್ಲ್ಯಾಶ್ ಬಂದ್ ಮಾಡಿ, ಕಿಟಕಿ ಬೆಳಕಿಗೆ ಚಾರ್ಜರನ್ನು ಸ್ವಲ್ಪ ಓರೆಯಾಗಿ ಹಿಡಿದು, ಒಂದು ಗೇಣು ದೂರದಿಂದ ಝೂಮ್ ಮಾಡಿ ತೆಗೆಯಲು ಹೇಳುತ್ತೇನೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಮಸುಕಾಗುವುದಿಲ್ಲ.

65 ವ್ಯಾಟಿನ ಒಂದು ಚಾರ್ಜರ್ ತೆಗೆದುಕೊಳ್ಳೋಣ. ಅದರ ಮೇಲೆ ಇರುವುದು ಇಷ್ಟು:

```
INPUT: 100-240V~ 1.7A 50-60Hz
OUTPUT: 19.5V ⎓ 3.34A 65W
```

ಮೊದಲ ಸಾಲು ಗೋಡೆಗೆ, ಎರಡನೆಯದು ಲ್ಯಾಪ್‌ಟಾಪಿಗೆ ಸಂಬಂಧಿಸಿದ್ದು. ಅಲೆಯ ಗುರುತು ಎಂದರೆ ಗೋಡೆಯಿಂದ ಬರುವ ಎ.ಸಿ.; ನೇರ ಗೆರೆಯ ಕೆಳಗೆ ತುಂಡು ಗೆರೆ ಎಂದರೆ ಲ್ಯಾಪ್‌ಟಾಪಿಗೆ ಹೋಗುವ ಡಿ.ಸಿ. ಈ ಎರಡು ಸಾಲು ಅದಲುಬದಲಾದರೆ ಎಲ್ಲವೂ ತಪ್ಪುತ್ತದೆ. 1.7 ಆಂಪಿಯರನ್ನು ಲ್ಯಾಪ್‌ಟಾಪಿನ ಲೆಕ್ಕವೆಂದು ಹಿಡಿಯುವವರು ಬಹಳ. ಅದು ಚಾರ್ಜರ್ ಗೋಡೆಯಿಂದ ಎಳೆಯಬಹುದಾದ ಗರಿಷ್ಠ ಕರೆಂಟ್, ಅದೂ 100 ವೋಲ್ಟಿನಂಥ ಕಡಿಮೆ ವೋಲ್ಟೇಜಿನಲ್ಲಿ. ನಮ್ಮ 230 ವೋಲ್ಟಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಅಂಕಿ ಮಸುಕಾಗಿದ್ದರೆ ಗುಣಿಸಿ ನೋಡುತ್ತೇನೆ. ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವ್ಯಾಟ್. 19.5 × 3.34 = 65.13, ಸರಿ ಹೊಂದಿತು. 3.34 ಅನ್ನು 3.84 ಎಂದು ಓದಿದ್ದರೆ ಸುಮಾರು 75 ಬರುತ್ತಿತ್ತು. ಚುಕ್ಕೆ ಕಾಣದೆ 195 ಎಂದು ಓದಿದ್ದರೆ ಉತ್ತರ 650 ದಾಟುತ್ತಿತ್ತು. ಫೋಟೊ ನಂಬುವ ಮೊದಲು ಈ ಲೆಕ್ಕವನ್ನು ನಾನು ಎಂದೂ ಬಿಡುವುದಿಲ್ಲ.

ಇನ್ನು ಊರಿನ ಪ್ರಶ್ನೆ. ದುಬೈಯಲ್ಲೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. 100ರಿಂದ 240ರ ಒಳಗೆ ಎರಡೂ ಬಂದವು, ಚಾರ್ಜರ್ ತಾನೇ ಹೊಂದಿಸಿಕೊಳ್ಳುತ್ತದೆ. ಉಳಿದದ್ದು ಪಿನ್ ಮಾತ್ರ. ದುಬೈಯ ಸಾಕೆಟ್ ಮೂರು ಚಪ್ಪಟೆ ಪಿನ್ನಿನದು, ನಮ್ಮ ಉರುಟು ಪಿನ್ನಿನ ಪ್ಲಗ್ ಅದಕ್ಕೆ ಹೋಗುವುದಿಲ್ಲ.

ಇಲ್ಲಿ ಎಲ್ಲರೂ ಟ್ರಾವೆಲ್ ಅಡಾಪ್ಟರ್ ಹುಡುಕುತ್ತಾರೆ. ನಾನು ಫೋಟೊದಲ್ಲಿ ಚಾರ್ಜರಿನ ಇನ್ನೊಂದು ತುದಿ ತೋರಿಸಲು ಕೇಳುತ್ತೇನೆ. ಮೂರೆಲೆಯ ಆಕಾರದ ತೂತು ಇದ್ದರೆ ಗೋಡೆಗೆ ಹೋಗುವ ವೈರ್ ಕಳಚಿ ಬರುತ್ತದೆ. ಅದರ ಬದಲು ಚಪ್ಪಟೆ ಪಿನ್ನಿನ ವೈರ್ ಹಾಕಿದರೆ ಕೆಲಸ ಮುಗಿಯಿತು. ಆ ಪ್ಲಗ್ಗಿನೊಳಗೆ ಫ್ಯೂಸ್ ಇರುತ್ತದೆ. ಈ ತೆಳು ವೈರಿಗೆ 3 ಆಂಪಿಯರಿನದೇ ಇರಬೇಕು. 13 ಆಂಪಿಯರಿನದು ಹಾಕಿದರೆ ತೊಂದರೆ ಬಂದಾಗ ಫ್ಯೂಸ್ ಹೋಗುವ ಮೊದಲು ವೈರೇ ಸುಡಬಹುದು.

ಅಡಾಪ್ಟರನ್ನು ನಾನು ಎರಡನೆಯ ದಾರಿಯಾಗಿ ಇಡುವುದಕ್ಕೆ ಕಾರಣವಿದೆ. ಭಾರದ ಪ್ಲಗ್ ಅದರಲ್ಲಿ ಜೋತು ಬಿದ್ದು ಸಡಿಲಾಗುತ್ತದೆ, ಸಡಿಲಾದಲ್ಲಿ ಕಿಡಿ ಹಾರಿ ಬಿಸಿಯಾಗುತ್ತದೆ. ಜೊತೆಗೆ ಎಷ್ಟೋ ಯೂನಿವರ್ಸಲ್ ಅಡಾಪ್ಟರುಗಳಲ್ಲಿ ಅರ್ಥಿಂಗ್ ಮುಂದೆ ಹೋಗುವುದೇ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪಿನ ಮೇಲೆ ಮಣಿಕಟ್ಟು ಇಟ್ಟಾಗ ಜುಮ್ ಎನ್ನುವುದು ಸಾಮಾನ್ಯವಾಗಿ ಇದರಿಂದಲೇ. ಚಾರ್ಜರಿನ ಒಳಗೆ ಗದ್ದಲ ತಡೆಯುವ ಸಣ್ಣ ಕೆಪ್ಯಾಸಿಟರ್ ಮೂಲಕ ಚೂರು ಕರೆಂಟ್ ಸೋರುತ್ತದೆ. ಅರ್ಥ್ ಪಿನ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಯಿಂದ. ಜುಮ್ ಅಲ್ಲದೆ ಜೋರಾಗಿ ಹೊಡೆದರೆ ಮಾತ್ರ ಆ ಚಾರ್ಜರನ್ನು ಮತ್ತೆ ಸಿಕ್ಕಿಸಬೇಡಿ.

ಅಲ್ಲಿ ಹೋಗಿ ಚಾರ್ಜರ್ ಕಳೆದರೆ ಆಗ ಎರಡನೆಯ ಸಾಲು ಬೇಕು, ಅದಕ್ಕೇ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. 19.5 ವೋಲ್ಟ್, 4.62 ಆಂಪಿಯರಿನ 90 ವ್ಯಾಟ್ ಚಾರ್ಜರ್ ಹಾಕಿದರೆ ತೊಂದರೆಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. 2.31 ಆಂಪಿಯರಿನ 45 ವ್ಯಾಟಿನದು ಹಾಕಿದರೆ ಚಾರ್ಜ್ ನಿಧಾನವಾಗುತ್ತದೆ, ಚಾರ್ಜರ್ ವಿಪರೀತ ಬಿಸಿಯಾಗುತ್ತದೆ, ಕೆಲವು ಲ್ಯಾಪ್‌ಟಾಪ್ ಪರದೆಯ ಮೇಲೆ ಎಚ್ಚರಿಕೆಯನ್ನೂ ತೋರಿಸುತ್ತದೆ. ಪಿನ್ನಿನ ಗಾತ್ರವೂ ಒಳಗಿನ ಸಣ್ಣ ಸೂಜಿಯೂ ಹೊಂದಬೇಕು. ಆ ಸೂಜಿ ಮುರಿದರೆ ಲ್ಯಾಪ್‌ಟಾಪ್ ಓಡಿದರೂ ಬ್ಯಾಟರಿ ಚಾರ್ಜ್ ಆಗದೆ ಇರಬಹುದು.

ಅದೇ ಸೂಟ್‌ಕೇಸಿನಲ್ಲಿ ಮಿಕ್ಸಿ ಇದ್ದರೆ ಅದರ ಚೀಟಿಯ ಫೋಟೊ ಕೂಡ ಕಳಿಸಲು ಹೇಳುತ್ತೇನೆ. ಅದರ ಮೇಲೆ ಸಾಮಾನ್ಯವಾಗಿ 230 ವೋಲ್ಟ್ ಎಂಬ ಒಂದೇ ಅಂಕಿ ಇರುತ್ತದೆ. ದುಬೈಯಲ್ಲಿ ಪಿನ್ ಬದಲಿಸಿದರೆ ಓಡುತ್ತದೆ. ಅಮೆರಿಕದಲ್ಲಿ ಅಡಾಪ್ಟರ್ ಹಾಕಿದರೂ ಉದ್ದಿನಬೇಳೆ ಅರೆಯುವಷ್ಟು ಶಕ್ತಿ ಬರುವುದಿಲ್ಲ, ಏಕೆಂದರೆ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟನ್ನಲ್ಲ. 750 ವ್ಯಾಟಿನ ಮಿಕ್ಸಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಹೊರುವುದಕ್ಕಿಂತ 120 ವೋಲ್ಟಿನ ಮಿಕ್ಸಿ ಕೊಳ್ಳುವುದು ಒಳ್ಳೆಯದು.