ಪಿಎಚ್.ಡಿ. ನಡುವೆ ಹೆರಿಗೆ: ರಜೆಯ ಜೊತೆಗೆ ಹೊಸ ವೇಳಾಪಟ್ಟಿಯನ್ನೂ ಮಂಜೂರು ಮಾಡಿಸಿಕೊಳ್ಳುವುದು ಹೇಗೆ?

‘ಹೆರಿಗೆಯ ನಿಮಿತ್ತ ನನಗೆ ಕೆಲವು ತಿಂಗಳ ರಜೆ ನೀಡಬೇಕಾಗಿ ವಿನಂತಿ.’ ಸಂಶೋಧನಾ ವಿದ್ಯಾರ್ಥಿನಿಯರ ಅರ್ಜಿಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಮುಗಿಯುತ್ತವೆ. ರಜೆಯೇನೋ ಸಿಗುತ್ತದೆ. ತಕರಾರು ಏಳುವುದು ಎಷ್ಟೋ ದಿನಗಳ ನಂತರ, ಮಹಾಪ್ರಬಂಧ ಸಲ್ಲಿಸಲು ಹೋದಾಗ. ಕಡತ ತಿರುವಿದ ಸಿಬ್ಬಂದಿಗೆ ನಡುವಿನ ಒಂದು ಪ್ರಗತಿ ವರದಿ ಕಾಣುವುದಿಲ್ಲ. ಮೊದಲು ಒಪ್ಪಿಸಿದ ವೇಳಾಪಟ್ಟಿಗೂ ಈಗಿನ ದಿನಾಂಕಗಳಿಗೂ ತಾಳೆಯಾಗುವುದಿಲ್ಲ. ರಜೆ ಮಂಜೂರಾಗುವುದು ಒಂದು, ಸಂಶೋಧನೆಯ ಗಡುವು ಮುಂದಕ್ಕೆ ಹೋಗುವುದು ಇನ್ನೊಂದು. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ. ಆದ್ದರಿಂದ ಒಂದೇ ಅರ್ಜಿಯಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಕೇಳಬೇಕು.

ನಿಮಗೆ ಅನ್ವಯಿಸುವ ನಿಯಮ ನೋಡಿಕೊಳ್ಳಿ

ವಿಶ್ವವಿದ್ಯಾಲಯ ಅನುದಾನ ಆಯೋಗದ ಪಿಎಚ್.ಡಿ. ನಿಯಮಾವಳಿ 2022ರ ನವೆಂಬರ್ 7ರಂದು ಪ್ರಕಟವಾಯಿತು. ಅದರ ಪ್ರಕಾರ ಪಿಎಚ್.ಡಿ. ಅವಧಿ ಪ್ರವೇಶದ ದಿನದಿಂದ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷಗಳ ಸಡಿಲಿಕೆ ಇದೆ. ಎಲ್ಲ ಸೇರಿ ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಶಿಶುಪಾಲನಾ ರಜೆಯನ್ನು ಪಿಎಚ್.ಡಿ.ಯ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಕೊಡಬಹುದು ಎಂದೂ ಅದು ಹೇಳುತ್ತದೆ.

ಇಲ್ಲಿ ‘ಕೊಡಬಹುದು’ ಎಂದಿದೆ, ‘ಕೊಡತಕ್ಕದ್ದು’ ಎಂದಿಲ್ಲ. ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ಪಿಎಚ್.ಡಿ. ನಿಯಮಗಳಲ್ಲಿ ಇದೇ ಅಂಶ ಯಾವ ಕಲಮಿನಲ್ಲಿದೆ ಎಂದು ಹುಡುಕಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ. ಕಲಮಿನ ಸಂಖ್ಯೆ ಇರುವ ಅರ್ಜಿಗೆ ‘ಇಂಥ ಅವಕಾಶವೇ ಇಲ್ಲ’ ಎಂದು ಬರೆದು ವಾಪಸ್ ಕಳಿಸುವುದು ಯಾವ ಕಚೇರಿಗೂ ಸುಲಭವಲ್ಲ.

ಪ್ರವೇಶದ ದಿನಾಂಕವೂ ಮುಖ್ಯ. 2022ರ ಅಧಿಸೂಚನೆಗೆ ಮೊದಲೇ ನೋಂದಣಿಯಾದವರಿಗೆ ಹಳೆಯ ನಿಯಮಾವಳಿಯೇ ಅನ್ವಯಿಸುತ್ತದೆ. 2016ರ ನಿಯಮಾವಳಿಯಲ್ಲೂ 240 ದಿನಗಳೇ ಇದ್ದವು, ಆದರೆ ಇಡೀ ಅವಧಿಯಲ್ಲಿ ‘ಒಂದು ಬಾರಿ’ ಎಂಬ ಷರತ್ತಿತ್ತು. 2022ರ ಪಠ್ಯದಲ್ಲಿ ಆ ಷರತ್ತು ಇಲ್ಲ. ಹೊಸ ನಿಯಮದಡಿ ಇರುವವರು ಹೆರಿಗೆಗೆ 180 ದಿನ ಬಳಸಿಕೊಂಡು ಉಳಿದ 60 ದಿನಗಳನ್ನು ಮಗುವಿನ ಕಾಯಿಲೆ ಕಸಾಲೆಗೆ ಇಟ್ಟುಕೊಳ್ಳುವಂತೆ ಕೇಳಬಹುದು.

ಎಂಟು ತಿಂಗಳ ರಜೆ, ಹನ್ನೆರಡು ತಿಂಗಳ ವಿಳಂಬ

ಹೆಚ್ಚಿನವರು ಎಡವುವುದು ಪರಿಷ್ಕೃತ ವೇಳಾಪಟ್ಟಿಯಲ್ಲಿ. ಹಳೆಯ ದಿನಾಂಕಗಳಿಗೆಲ್ಲ 240 ದಿನ ಕೂಡಿಸಿ ಕೊಟ್ಟುಬಿಡುತ್ತಾರೆ. ಸಂಶೋಧನೆ ಹಾಗೆ ಸರಿಯುವುದಿಲ್ಲ. ಒಂದು ಕಾಲ್ಪನಿಕ ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿ ನೋಡೋಣ.

ಪ್ರಾಣಿಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ಮಲೆನಾಡಿನ ಹಳ್ಳಗಳ ಕಪ್ಪೆಗಳ ಸಂತಾನೋತ್ಪತ್ತಿಯನ್ನು ಅಧ್ಯಯನ ಮಾಡುತ್ತಿದ್ದಾರೆ ಎಂದುಕೊಳ್ಳಿ. ಪ್ರವೇಶ 2023ರ ಆಗಸ್ಟ್ 1. ಆರು ವರ್ಷದ ಗಡುವು 2029ರ ಜುಲೈ 31. ಕ್ಷೇತ್ರಕಾರ್ಯ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಮಳೆಯ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಹಳ್ಳಕ್ಕಿಳಿದು ಗಂಡು ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಬೇಕು, ನೀರಿನ ಮೇಲೆ ಬಾಗಿದ ಎಲೆಗಳಿಗೆ ಅಂಟಿದ ಮೊಟ್ಟೆಗಳನ್ನು ಎಣಿಸಬೇಕು. 2024 ಮತ್ತು 2025ರ ಮಳೆಗಾಲದ ದತ್ತಾಂಶ ಕೈಯಲ್ಲಿದೆ. ಮೂರನೆಯದು 2026ರ ಮಳೆಗಾಲ. ಆಮೇಲೆ ಮಾರ್ಚ್‌ವರೆಗೆ ವಿಶ್ಲೇಷಣೆ, ಸೆಪ್ಟೆಂಬರ್‌ವರೆಗೆ ಅಧ್ಯಾಯಗಳ ಬರವಣಿಗೆ, 2027ರ ನವೆಂಬರ್‌ನಲ್ಲಿ ಪೂರ್ವಸಲ್ಲಿಕೆ ಮಂಡನೆ, 2028ರ ಫೆಬ್ರುವರಿಯಲ್ಲಿ ಮಹಾಪ್ರಬಂಧ ಸಲ್ಲಿಕೆ. ಇದು ಮೂಲ ಯೋಜನೆ.

ವೈದ್ಯರು ಕೊಟ್ಟ ಹೆರಿಗೆ ದಿನಾಂಕ 2026ರ ಜೂನ್ 20. ರಜೆ ಮೇ 25ರಿಂದ ಶುರು. ಮೊದಲ ದಿನವನ್ನೂ ಸೇರಿಸಿ ಎಣಿಸಿದರೆ 240ನೇ ದಿನ 2027ರ ಜನವರಿ 19ಕ್ಕೆ ಬೀಳುತ್ತದೆ. ಜನವರಿ 20ಕ್ಕೆ ಮರಳಿ ಹಾಜರಾಗಬೇಕು. ಹಳೆಯ ದಿನಾಂಕಕ್ಕೆ 240 ದಿನ ಕೂಡಿಸಿದರೆ ಸಲ್ಲಿಕೆ 2028ರ ಅಕ್ಟೋಬರ್ ಸುಮಾರಿಗೆ ಬರುತ್ತದೆ. ಆದರೆ ಜನವರಿಯಲ್ಲಿ ಹಳ್ಳಕ್ಕೆ ಹೋದರೆ ಕಪ್ಪೆಗಳು ಕೂಗುವುದಿಲ್ಲ. ಮೂರನೆಯ ಮಳೆಗಾಲ ಎಂದರೆ ಇನ್ನು 2027ರದ್ದೇ. ಅಂದಮೇಲೆ ಪ್ರತಿಯೊಂದು ಹಂತವೂ ಪೂರ್ತಿ ಒಂದು ವರ್ಷ ಮುಂದಕ್ಕೆ ಹೋಗಿ, ಸಲ್ಲಿಕೆ 2029ರ ಫೆಬ್ರುವರಿಗೆ ನಿಲ್ಲುತ್ತದೆ.

‘ರಜೆ ಎಂಟು ತಿಂಗಳದ್ದು, ವಿಳಂಬ ಹನ್ನೆರಡು ತಿಂಗಳು ಏಕೆ?’ ಎಂದು ಸಮಿತಿ ಕೇಳಿಯೇ ಕೇಳುತ್ತದೆ. ಉತ್ತರ ಅರ್ಜಿಯಲ್ಲೇ ಇರಲಿ. ಜನವರಿಯಿಂದ ಮೇವರೆಗೆ ಸಿಗುವ ಬಿಡುವಿನಲ್ಲಿ ಮೊದಲ ಎರಡು ಮಳೆಗಾಲಗಳ ವಿಶ್ಲೇಷಣೆಯನ್ನು ಮುಗಿಸುವುದಾಗಿ ಬರೆದರೆ ಆ ನಾಲ್ಕು ತಿಂಗಳಿಗೂ ಲೆಕ್ಕ ಕೊಟ್ಟಂತಾಗುತ್ತದೆ. ನಿಮ್ಮ ವಿಷಯದಲ್ಲಿ ಮಳೆಗಾಲದ ಜಾಗಕ್ಕೆ ಶಾಲಾ ವರ್ಷವೋ, ಬಿತ್ತನೆಯ ಹಂಗಾಮೋ, ಜಾತ್ರೆಯೋ ಬರಬಹುದು. ವರ್ಷಕ್ಕೊಮ್ಮೆ ಮಾತ್ರ ಒದಗುವ ಕೆಲಸ ಯಾವುದೆಂದು ಮೊದಲು ಗುರುತಿಸಿ, ಉಳಿದ ದಿನಾಂಕಗಳನ್ನು ಅದರ ಸುತ್ತ ಜೋಡಿಸಿ.

ಈ ಉದಾಹರಣೆಯಲ್ಲಿ ಹೊಸ ಸಲ್ಲಿಕೆ ದಿನಾಂಕ ಆರು ವರ್ಷದ ಗಡುವಿಗಿಂತ ಐದು ತಿಂಗಳು ಮೊದಲೇ ಇದೆ. ಆದ್ದರಿಂದ ಎರಡು ವರ್ಷಗಳ ಸಡಿಲಿಕೆಯನ್ನು ಈಗಲೇ ಕೇಳುವ ಅಗತ್ಯವಿಲ್ಲ. ಕೇಳಿದರೆ ಕಡತ ದೊಡ್ಡದಾಗುತ್ತದೆ, ಇನ್ನೂ ಮೇಲಿನ ಮೇಜುಗಳಿಗೆ ಹೋಗುತ್ತದೆ, ರಜೆಯೂ ಅದರ ಜೊತೆಗೇ ಕಾಯುತ್ತದೆ. ‘ಮುಂದೆ ಅಗತ್ಯಬಿದ್ದಲ್ಲಿ ಕೋರುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ’ ಎಂಬ ಒಂದು ಸಾಲು ಸಾಕು.

ವೇಳಾಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಮಾರ್ಗದರ್ಶಕರ ನಿವೃತ್ತಿ ಯಾವಾಗ ಎಂದು ನೋಡಿ. ಕೇಳಲು ಸಂಕೋಚವಾದರೂ ಕೇಳಲೇಬೇಕು. 2022ರ ನಿಯಮದಂತೆ ನಿವೃತ್ತಿಯ ನಂತರ ಅವರು ಸಹಮಾರ್ಗದರ್ಶಕರಾಗಿ ಮಾತ್ರ ಮುಂದುವರಿಯಬಹುದು, ಅದೂ 70 ವರ್ಷ ತುಂಬುವವರೆಗೆ. ನಿವೃತ್ತಿಯ ದಿನ ಹೊಸ ವೇಳಾಪಟ್ಟಿಯ ಒಳಗೆ ಬೀಳುವುದಾದರೆ ಇನ್ನೊಬ್ಬ ಮಾರ್ಗದರ್ಶಕರ ವಿಷಯವನ್ನೂ ಈಗಲೇ ಮಾತಾಡಿ. ಅರಣ್ಯ ಇಲಾಖೆಯ ಕ್ಷೇತ್ರಕಾರ್ಯದ ಅನುಮತಿ 2026ಕ್ಕೇ ಮುಗಿಯುವಂತಿದ್ದರೆ ಅದರ ನವೀಕರಣವನ್ನೂ ಪಟ್ಟಿಯಲ್ಲಿ ಸೇರಿಸಿ.

ಅರ್ಜಿಗಿಂತ ಮೊದಲು ಸಮಿತಿ

ಸಂಶೋಧನಾ ವಿದ್ಯಾರ್ಥಿಗಳು ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದನ್ನು ಡಾಕ್ಟರಲ್ ಸಮಿತಿ ಎನ್ನುತ್ತಾರೆ. ರಜೆಗೆ ಎರಡು ತಿಂಗಳು ಮೊದಲು, ನಮ್ಮ ಉದಾಹರಣೆಯಲ್ಲಿ ಮಾರ್ಚ್ ಕೊನೆಗೆ, ಈ ಸಭೆ ಕರೆಯಲು ಮಾರ್ಗದರ್ಶಕರನ್ನು ಕೋರಿ. ಆ ಅರ್ಧವರ್ಷದ ವರದಿಯನ್ನು ಅಲ್ಲೇ ಮುಂಚಿತವಾಗಿ ಒಪ್ಪಿಸಿ, ಪರಿಷ್ಕೃತ ವೇಳಾಪಟ್ಟಿಯನ್ನು ಮುಂದಿಡಿ. ಸಮಿತಿ ಒಪ್ಪಿದ್ದು ನಡಾವಳಿಯಲ್ಲಿ ದಾಖಲಾಗಿ ಸಹಿ ಬೀಳಬೇಕು. ಬಾಯಿಮಾತಿನ ‘ಆಗಲಮ್ಮ, ಚಿಂತೆ ಮಾಡಬೇಡಿ’ ಒಳ್ಳೆಯ ಮನಸ್ಸಿನದೇ ಇರಬಹುದು, ಕಡತದಲ್ಲಿ ಅದಕ್ಕೆ ಜಾಗವಿಲ್ಲ.

ವೈದ್ಯಕೀಯ ದಾಖಲೆಯಾಗಿ, ನಿರೀಕ್ಷಿತ ಹೆರಿಗೆ ದಿನಾಂಕವಿರುವ, ವೈದ್ಯರ ಸಹಿ ಮೊಹರಿನ ಒಂದು ಪ್ರಮಾಣಪತ್ರ ಸಾಕು. ತಾಯಿ ಕಾರ್ಡ್ ಕೇಳಿದರೆ ಅದರ ನಕಲು ಕೊಡಿ. ಸ್ಕ್ಯಾನಿಂಗ್, ರಕ್ತಪರೀಕ್ಷೆಯ ವರದಿಗಳನ್ನೆಲ್ಲ ಲಗತ್ತಿಸಬೇಡಿ. ಹತ್ತು ಮೇಜು ಸುತ್ತುವ ಕಡತದಲ್ಲಿ ಅವುಗಳಿಗೆ ಕೆಲಸವಿಲ್ಲ.

ಅರ್ಜಿಯ ಮಾದರಿ

ಗೆ: ಕುಲಸಚಿವರು, ……… ವಿಶ್ವವಿದ್ಯಾಲಯ
ಮೂಲಕ: ಮಾರ್ಗದರ್ಶಕರು ಹಾಗೂ ವಿಭಾಗದ ಅಧ್ಯಕ್ಷರು

ವಿಷಯ: ಹೆರಿಗೆ ರಜೆ ಮಂಜೂರು ಮಾಡಿ, ಪರಿಷ್ಕೃತ ಸಂಶೋಧನಾ ವೇಳಾಪಟ್ಟಿಯನ್ನು ಅನುಮೋದಿಸುವ ಬಗ್ಗೆ.
ಉಲ್ಲೇಖ: 1. ಪಿಎಚ್.ಡಿ. ನಿಯಮಾವಳಿ, ಕಲಂ …… 2. ಸಂಶೋಧನಾ ಸಲಹಾ ಸಮಿತಿಯ ದಿನಾಂಕ …… ರ ನಡಾವಳಿ.

ಮಾನ್ಯರೇ,

ನಾನು ದಿನಾಂಕ 01.08.2023ರಿಂದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಅಧ್ಯಯನ ಮಾಡುತ್ತಿದ್ದೇನೆ (ನೋಂದಣಿ ಸಂಖ್ಯೆ ……). ನನ್ನ ಹೆರಿಗೆಯ ನಿರೀಕ್ಷಿತ ದಿನಾಂಕ 20.06.2026. ಆದ್ದರಿಂದ ಈ ಕೆಳಗಿನಂತೆ ಕೋರುತ್ತೇನೆ.

ಒಂದು, 25.05.2026ರಿಂದ 19.01.2027ರವರೆಗೆ 240 ದಿನಗಳ ರಜೆ. ಹೆರಿಗೆ ಮುಂಚಿತವಾದಲ್ಲಿ ರಜೆಯನ್ನು ಆ ದಿನದಿಂದಲೇ ಪರಿಗಣಿಸುವುದು.

ಎರಡು, 2026ರ ಜುಲೈ–ಡಿಸೆಂಬರ್ ಅವಧಿಯ ಪ್ರಗತಿ ವರದಿ ಹಾಗೂ ಮಂಡನೆಯಿಂದ ವಿನಾಯಿತಿ.

ಮೂರು, ಲಗತ್ತಿಸಿದ ಪರಿಷ್ಕೃತ ವೇಳಾಪಟ್ಟಿಗೆ ಅನುಮೋದನೆ. ನನ್ನ ಕ್ಷೇತ್ರಕಾರ್ಯ ಮಳೆಗಾಲದಲ್ಲಿ ಮಾತ್ರ ಸಾಧ್ಯವಿರುವುದರಿಂದ ಮೂರನೇ ಹಂತ 2027ರ ಜೂನ್–ಸೆಪ್ಟೆಂಬರ್‌ಗೆ ಹೋಗುತ್ತದೆ. ಜನವರಿ–ಮೇ ಅವಧಿಯಲ್ಲಿ ಲಭ್ಯ ದತ್ತಾಂಶದ ವಿಶ್ಲೇಷಣೆ ಮುಗಿಸುತ್ತೇನೆ. ಮಹಾಪ್ರಬಂಧ ಸಲ್ಲಿಕೆ 2029ರ ಫೆಬ್ರುವರಿ. ಇದು ಗರಿಷ್ಠ ಅವಧಿಯೊಳಗೇ ಇದೆ.

ನಾಲ್ಕು, ರಜೆಯ ಅವಧಿಯ ಶುಲ್ಕ ಹಾಗೂ ಫೆಲೋಶಿಪ್ ಬಗ್ಗೆ ಲಿಖಿತ ಸೂಚನೆ.

ಹಣದ ಲೆಕ್ಕ

ನಾಲ್ಕನೆಯ ಕೋರಿಕೆಯನ್ನು ಬಿಡಬೇಡಿ. ಯುಜಿಸಿ ಜೆಆರ್‌ಎಫ್ ಪಡೆಯುವವರಿಗೆ ಹೆರಿಗೆ ರಜೆಯಲ್ಲಿ ಪೂರ್ಣ ಫೆಲೋಶಿಪ್ ಸಿಗುವುದು ಕೇಂದ್ರ ಸರ್ಕಾರದ ರಜೆ ನಿಯಮದಂತೆ, ಅಂದರೆ 180 ದಿನಗಳಿಗೆ. ಉದಾಹರಣೆಯ ವಿದ್ಯಾರ್ಥಿನಿಗೆ ಅದು 2026ರ ನವೆಂಬರ್ 20ಕ್ಕೆ ಮುಗಿಯುತ್ತದೆ. ಉಳಿದ 60 ದಿನಗಳಿಗೆ ಹಣ ಬರುತ್ತದೆ ಎಂದು ನಂಬಿ ಮನೆಯ ಖರ್ಚು ಯೋಜಿಸಬೇಡಿ. ಈ ಫೆಲೋಶಿಪ್ ಪ್ರತಿ ತಿಂಗಳೂ ಬರಬೇಕಾದರೆ ವಿಶ್ವವಿದ್ಯಾಲಯದ ಸಿಬ್ಬಂದಿ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ನೀವು ವಿಭಾಗದಲ್ಲಿ ಕಾಣಿಸದಿದ್ದರೆ ಆ ದೃಢೀಕರಣ ನಿಂತುಹೋಗುವ ಸಾಧ್ಯತೆ ಹೆಚ್ಚು. ರಜೆಯ ಆದೇಶದ ಒಂದು ಪ್ರತಿಯನ್ನು ಫೆಲೋಶಿಪ್ ನೋಡಿಕೊಳ್ಳುವವರಿಗೆ ನೀವೇ ತಲುಪಿಸಿ. ವಿಶ್ವವಿದ್ಯಾಲಯದ ಅಥವಾ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನವಾದರೆ ಷರತ್ತುಗಳು ಬೇರೆಯೇ ಇರುತ್ತವೆ.

ಆದೇಶ ಕೈಗೆ ಬಂದಾಗ

ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆದೇಶವೋ ಹಿಂಬರಹವೋ ಬಂದಾಗ ಖುಷಿಯಲ್ಲಿ ಮಡಚಿಡದೆ ಓದಿ. ರಜೆಯ ಎರಡೂ ದಿನಾಂಕ, ವರದಿಯ ವಿನಾಯಿತಿ, ಪರಿಷ್ಕೃತ ವೇಳಾಪಟ್ಟಿಯ ಅನುಮೋದನೆ, ಶುಲ್ಕ ಹಾಗೂ ಫೆಲೋಶಿಪ್ ಬಗ್ಗೆ ಸೂಚನೆ, ಈ ನಾಲ್ಕೂ ಇರಬೇಕು. ‘ರಜೆ ಮಂಜೂರು ಮಾಡಲಾಗಿದೆ’ ಎಂದಷ್ಟೇ ಇದ್ದರೆ ನೀವು ಕೇಳಿದ್ದರಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಸಿಕ್ಕಿದೆ ಎಂದರ್ಥ. ಅದೇ ವಾರ, ಆದೇಶದ ಸಂಖ್ಯೆಯನ್ನು ಉಲ್ಲೇಖಿಸಿ, ಬಿಟ್ಟುಹೋದ ಅಂಶಗಳಿಗೆ ಇನ್ನೊಂದು ಪತ್ರ ಬರೆಯಿರಿ.

ಹೆರಿಗೆಯಾದ ಮೇಲೆ ಜನನ ಪ್ರಮಾಣಪತ್ರದ ನಕಲನ್ನು ಮನೆಯವರ ಮೂಲಕ ವಿಭಾಗಕ್ಕೆ ಕಳಿಸಿ. ಮರಳಿದ ದಿನವೇ, ಉದಾಹರಣೆಯಲ್ಲಿ 2027ರ ಜನವರಿ 20ರಂದು, ಹಾಜರಾದ ಬಗ್ಗೆ ಎರಡು ಸಾಲಿನ ವರದಿಯನ್ನು ಮಾರ್ಗದರ್ಶಕರ ಸಹಿಯೊಂದಿಗೆ ಒಪ್ಪಿಸಿ. ಮಗು ರಾತ್ರಿಯಿಡೀ ಎಚ್ಚರವಿಟ್ಟಿದ್ದರೂ ಇದನ್ನು ನಾಳೆಗೆ ತಳ್ಳಬೇಡಿ. ಈ ವರದಿ ಕಡತ ಸೇರುವವರೆಗೆ ಕಚೇರಿಯ ಪಾಲಿಗೆ ನೀವು ಇನ್ನೂ ರಜೆಯಲ್ಲೇ ಇರುತ್ತೀರಿ, 240 ದಿನಗಳಾಚೆಗೆ ಅದು ಗೈರುಹಾಜರಿ.