ಆರು ತಿಂಗಳು ಅಂತ ಹೇಳೋದನ್ನು ನಾನು ಬಿಟ್ಟ ಕಥೆ

ಕೊಪ್ಪಳದಲ್ಲಿ ಮನೆ ಕಟ್ಟಿಸಿಕೊಡುವ ಸಣ್ಣ ಗುತ್ತಿಗೆದಾರ ನಾನು. ಹೆಚ್ಚಾಗಿ 30×40 ಸೈಟಿನ ಒಂದು ಅಂತಸ್ತಿನ ಮನೆಗಳು. ಮಾಲೀಕರು ಮೊದಲು ಕೇಳೋದು ರೇಟು. ಆಮೇಲೆ "ಎಷ್ಟ್ ದಿನದಾಗ ಮುಗಿಸಿ ಕೊಡ್ತೀರಿ?" ಅಂತ. ರೇಟಿಗೆ ಕೂತು ಲೆಕ್ಕ ಹಾಕಿ ಉತ್ತರ ಕೊಡುತ್ತಿದ್ದೆ. ದಿನಕ್ಕೆ ಮಾತ್ರ ನಿಂತಲ್ಲೇ ಹೇಳಿಬಿಡುತ್ತಿದ್ದೆ, "ಆರು ತಿಂಗಳು ಸರ".

ಒಬ್ಬ ಮಾಲೀಕರು ಆ ಮಾತನ್ನು ನಂಬಿ ವಾಸ್ತುಶಾಂತಿ ಕಾರ್ಡ್ ಹೊಡೆಸಿಬಿಟ್ಟರು. ಆ ದಿನ ಅಡುಗೆ ಮನೆಗೆ ಟೈಲ್ಸ್ ಆಗಿರಲಿಲ್ಲ, ಬಚ್ಚಲಿಗೆ ಬಾಗಿಲು ಇರಲಿಲ್ಲ, ಒಂದು ಸೀರೆ ಕಟ್ಟಿದ್ದರು. ಮಾಲೀಕರು ಬೈಯಲಿಲ್ಲ. ಅವರ ತಾಯಿ ಮಾತ್ರ ಊಟ ಬಡಿಸುವಾಗ ಹತ್ತಿರ ಬಂದು, "ಮನಿ ಮುಗಿದಿಲ್ಲಂದ್ರ ಯಾಕ ಕರೆದ್ರಿ ಅಂತ ಬೀಗರು ಕೇಳಾಕತ್ತಾರಪ್ಪ, ಏನ್ ಹೇಳ್ಲಿ?" ಅಂದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಆದರೆ ನಾನು ಸುಳ್ಳು ಹೇಳಿರಲಿಲ್ಲ. ಆರು ತಿಂಗಳಿಗೆ ನನ್ನ ಹತ್ತಿರ ಲೆಕ್ಕ ಇತ್ತು. ಪಾಯ ಮತ್ತು ಫೂಟಿಂಗ್ 3 ವಾರ, ಅಲ್ಲಿಂದ ಲಿಂಟಲ್ ತನಕ 5 ವಾರ, ಸೆಂಟ್ರಿಂಗ್, ಸ್ಲ್ಯಾಬ್, ಕ್ಯೂರಿಂಗ್ 4 ವಾರ, ಗಿಲಾವ್ 4 ವಾರ, ವೈರಿಂಗ್ ಮತ್ತು ಪೈಪಿನ ಕೆಲಸ 2 ವಾರ, ಟೈಲ್ಸ್ 3 ವಾರ, ಬಾಗಿಲು ಮತ್ತು ಬಣ್ಣ 4 ವಾರ. ಕೂಡಿಸಿದರೆ 25 ವಾರ. ಇದರಲ್ಲಿ ಕಳ್ಳಲೆಕ್ಕ ಇಲ್ಲ. ಸ್ಲ್ಯಾಬಿನ ಕೆಳಗೆ ಕೊಟ್ಟ ಆಸರೆ ಕಂಬ ತೆಗೆಯೋಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳೋದು ನಾಲ್ಕೂವರೆ ಮೀಟರ್ ತನಕದ ಅಂತರಕ್ಕೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಅದನ್ನೂ ನಾನು ಕಡಿಮೆ ಮಾಡಿರಲಿಲ್ಲ. ಒಂದೊಂದೇ ಸಾಲು ನೋಡಿದರೆ ಸರಿ, ಮೊತ್ತ ಮಾತ್ರ ಪ್ರತಿ ಸಲ ತಪ್ಪು. ಇದು ನನಗೆ ತುಂಬಾ ದಿನ ಅರ್ಥ ಆಗಿರಲಿಲ್ಲ.

ಡೇನಿಯಲ್ ಕಾಹ್ನೆಮನ್ ಅನ್ನುವ ಮನಶ್ಶಾಸ್ತ್ರಜ್ಞರ ಒಂದು ಅನುಭವ ಓದಿದಾಗ ಸ್ವಲ್ಪ ಬೆಳಕು ಬಿತ್ತು. ಇಸ್ರೇಲಿನಲ್ಲಿ ಅವರು ಇನ್ನೂ ಕೆಲವರ ಜೊತೆ ಸೇರಿ ಶಾಲೆಗೆ ಒಂದು ಪಠ್ಯಪುಸ್ತಕ ತಯಾರು ಮಾಡುತ್ತಿದ್ದರು. ಎಷ್ಟು ಕಾಲ ಬೇಕು ಅಂತ ಎಲ್ಲರೂ ಚೀಟಿಯಲ್ಲಿ ಬರೆದರೆ, ಸುಮಾರು ಎರಡು ವರ್ಷ ಅಂತ ಬಂತು. ಅದೇ ತಂಡದಲ್ಲಿ ಪಠ್ಯಕ್ರಮದ ಪರಿಣಿತರೊಬ್ಬರು ಇದ್ದರು. ನಮ್ಮಂಥ ಬೇರೆ ತಂಡಗಳಿಗೆ ಎಷ್ಟು ಹಿಡಿಯಿತು ಅಂತ ಅವರನ್ನು ಕೇಳಿದಾಗ ಮನುಷ್ಯ ಸುಮ್ಮನಾದರು. ಸುಮಾರು ನೂರಕ್ಕೆ ನಲವತ್ತು ತಂಡ ಮುಗಿಸಲೇ ಇಲ್ಲ, ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಹಿಡಿಯಿತು ಅಂದರು. ಚೀಟಿಯಲ್ಲಿ ಅವರು ಬರೆದಿದ್ದೂ ಉಳಿದವರಷ್ಟೇ! ಕೊನೆಗೆ ಪುಸ್ತಕ ಮುಗಿಯೋಕೆ ಎಂಟು ವರ್ಷ ಆಯಿತು. ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ಈ ತಪ್ಪಿಗೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿಟ್ಟರು. ನನಗೆ ತಟ್ಟಿದ್ದು ಹೆಸರಲ್ಲ. ಗೊತ್ತಿರುವ ಮನುಷ್ಯ ಪಕ್ಕದಲ್ಲೇ ಕೂತಿದ್ದ, ಗೊತ್ತಿದ್ದದ್ದು ಅವನ ಚೀಟಿಗೇ ಬರಲಿಲ್ಲ. ನನ್ನ ಕಥೆಯೂ ಅದೇ ಅಲ್ವಾ? ಒಂಬತ್ತು ಮನೆ ಕಟ್ಟಿದ್ದೆ, ಹತ್ತನೆಯದಕ್ಕೆ ಮತ್ತೆ ಆರು ತಿಂಗಳು ಅನ್ನೋಕೆ ಹೊರಟಿದ್ದೆ.

ಹಾಗಾಗಿ ಒಂದು ಭಾನುವಾರ ಹಳೆಯ ಒಂಬತ್ತು ಮನೆಗಳ ಲೆಕ್ಕ ತೆಗೆದೆ. ಬೇಕಾದದ್ದು ಎರಡೇ ಅಂಕಿ: ನಾನು ಎಷ್ಟು ತಿಂಗಳು ಹೇಳಿದ್ದೆ, ಎಷ್ಟು ಹಿಡಿಯಿತು. ನೆನಪಿನಿಂದ ಬರೆಯೋಣ ಅಂತ ಶುರು ಮಾಡಿ ಅಲ್ಲೇ ಎಡವಿದೆ. ಒಂದು ಮನೆಗೆ ಏಳು ತಿಂಗಳು ಹೇಳಿದ್ದೆ ಅಂತ ನನಗೆ ಗಟ್ಟಿ ನೆನಪು. ವಾಟ್ಸಾಪಿನಲ್ಲಿ ಹುಡುಕಿದರೆ "5 ತಿಂಗಳಲ್ಲಿ ಕೊಡ್ತೀನಿ ಸರ" ಅಂತ ನಾನೇ ಕಳಿಸಿದ್ದು ಸಿಕ್ಕಿತು. ಮನಸ್ಸು ನಮ್ಮ ಮರ್ಯಾದೆ ಕಾಪಾಡೋಕೆ ಹಳೆಯ ಮಾತನ್ನು ಸದ್ದಿಲ್ಲದೆ ತಿದ್ದಿರುತ್ತದೆ. ಆಮೇಲೆ ನೆನಪನ್ನು ಬಿಟ್ಟು ಕಾಗದ ಮಾತ್ರ ಹಿಡಿದೆ. ಶುರುವಿಗೆ ಜೆಸಿಬಿ ಬಾಡಿಗೆ ಚೀಟಿಯ ತಾರೀಕು. ಮುಗಿದದ್ದಕ್ಕೆ ಮಾಲೀಕರು ಸಾಮಾನು ತಂದು ವಾಸ ಶುರು ಮಾಡಿದ ದಿನ. ನಾನು ಕೊನೆಯ ಬಿಲ್ ಮಾಡಿದ ದಿನ ಹಿಡಿದರೆ ಲೆಕ್ಕ ಚೆಂದ ಕಾಣುತ್ತದೆ, ಆದರೆ ಮಾಲೀಕರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಎಲ್ಲಾ ಮನೆಗೂ ಒಂದೇ ಅಳತೆ ಇಟ್ಟೆ.

ಹಿಡಿದ ತಿಂಗಳನ್ನು ಹೇಳಿದ ತಿಂಗಳಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗೆ ಬಂತು:

1.2, 1.21, 1.33, 1.42, 1.5, 1.5, 1.67, 1.8, 2.17

ಇದನ್ನು ನೋಡಿ ಸುಮಾರು ಹೊತ್ತು ಹಾಗೇ ಕೂತೆ. ಒಂದಕ್ಕಿಂತ ಕಡಿಮೆ ಇರುವುದು ಒಂದೂ ಇಲ್ಲ. ಸುಮ್ನೆ ಅದೃಷ್ಟದ ಆಟವಾಗಿದ್ದರೆ ನಾಲ್ಕು ಮನೆ ತಡ ಆಗಬೇಕಿತ್ತು, ನಾಲ್ಕು ಬೇಗ ಆಗಬೇಕಿತ್ತು. ಎಲ್ಲವೂ ಒಂದೇ ಕಡೆ ವಾಲಿದರೆ ತಕ್ಕಡಿಯಲ್ಲೇ ದೋಷ ಇದೆ ಅಂತ ಅರ್ಥ, ತೂಗಿದ ಸಾಮಾನಿನದಲ್ಲ.

ಆದರೂ ನಾನು ವಾದ ಬಿಡಲಿಲ್ಲ. 2.17ರ ಮನೆಯಲ್ಲಿ ಅಣ್ಣ ತಮ್ಮಂದಿರ ಜಗಳ ಆಗಿ ಮೂರು ತಿಂಗಳು ಕೆಲಸ ನಿಂತಿತ್ತು, ಅದನ್ನು ಹೊಡೆದು ಹಾಕಿದೆ. 1.8ರದ್ದು ಬ್ಯಾಂಕಿನ ಸಾಲದ ಕಂತು ತಡ ಆದ ಮನೆ, ಅದನ್ನೂ ಹೊಡೆದೆ. 1.67ರದ್ದು ಭತ್ತದ ನಾಟಿ ಹೊತ್ತಿನದು. ಗೌಂಡಿಯ ಕೈಕೆಳಗಿನ ಜನ ಎಲ್ಲಾ ಗಂಗಾವತಿ, ಕಾರಟಗಿ ಕಡೆ ಗದ್ದೆಗೆ ಹೋಗಿದ್ದರು. ಪೆನ್ನು ಅದರ ಮೇಲೂ ಹೋದಾಗ ನನಗೇ ನಗು ಬಂತು. ಹೀಗೇ ಹೊಡೆಯುತ್ತಾ ಹೋದರೆ ಉಳಿಯುವುದು ಏನೂ ತೊಂದರೆ ಬಾರದ ಮನೆಗಳು ಮಾತ್ರ. ಮುಂದಿನ ಮನೆಗೆ ತೊಂದರೆ ಬರೋದಿಲ್ಲ ಅಂತ ನನಗೆ ಯಾರು ಬರೆದು ಕೊಟ್ಟಿದ್ದಾರೆ?

ಗುಟ್ಟು ಅಲ್ಲೇ ಇತ್ತು. ನನ್ನ 25 ವಾರದ ಪಟ್ಟಿಯಲ್ಲಿ ಕೆಲಸಗಳಿದ್ದವು, ಅಡ್ಡಿಗಳಿರಲಿಲ್ಲ. ಎರೆ ಮಣ್ಣಿನಲ್ಲಿ ಪಾಯ ತೋಡಿದ ಮೇಲೆ ಮಳೆ, ಉಸುಕು ಸಿಗದಿರೋದು, ಸಾಲದ ಕಂತು, ನಾಟಿ, ಮೊಹರಂಗೆ ಊರಿಗೆ ಹೋದ ಜನ ವಾರಗಟ್ಟಲೆ ವಾಪಸ್ ಬಾರದಿರೋದು, ಗವಿಮಠದ ಜಾತ್ರೆ, ಬಡಿಗೇರನ ಕೈಯಲ್ಲಿ ಬೇರೆ ಕೆಲಸ, ಮಾಲೀಕರ ಮನೆಯಲ್ಲಿ ಸಾವು, ನೀರಿನ ಟ್ಯಾಂಕರ್, ಅರ್ಧ ಕಟ್ಟಿದ ಮೇಲೆ "ದೇವರ ಮನೆ ಈ ಕಡೆ ಬರ್ಲಿ" ಅನ್ನುವ ಮಾತು. ಹತ್ತು ಅಡ್ಡಿ ಆಯಿತಲ್ಲ. ಇದರಲ್ಲಿ ಒಂದೊಂದೂ ಐದು ಮನೆಗೊಮ್ಮೆ ಮಾತ್ರ ಬರುತ್ತದೆ, ಒಂದಕ್ಕೊಂದು ಸಂಬಂಧ ಇಲ್ಲ ಅಂತ ಇಟ್ಟುಕೊಳ್ಳಿ. ಹತ್ತರಲ್ಲಿ ಒಂದೂ ಬಾರದೆ ಇರುವ ಸಾಧ್ಯತೆ 0.8ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 11. ಯಾವ ಅಡ್ಡಿ ಬರುತ್ತದೆ ಅಂತ ಮೊದಲೇ ಹೇಳೋಕೆ ಆಗಲ್ಲ. ಯಾವುದೋ ಒಂದು ಬರುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಪಟ್ಟಿಯನ್ನು ಇನ್ನೂ ಸಣ್ಣದಾಗಿ ಬಿಡಿಸಿ ಬರೆದರೂ ಇದು ಸರಿ ಹೋಗಲ್ಲ, ಯಾಕೆಂದರೆ ಅಡ್ಡಿಗಳು ಪಟ್ಟಿಯ ಹೊರಗೆ ಕೂತಿವೆ. ಹಳೆಯ ಮನೆಗಳ ಅಂಕಿಯಲ್ಲಿ ಅವೆಲ್ಲ ಈಗಾಗಲೇ ಸೇರಿಕೊಂಡಿವೆ. ಹೊಡೆದ ಮೂರನ್ನೂ ಮತ್ತೆ ಬರೆದೆ.

ಹತ್ತನೆಯ ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಜೂನ್ ಮೊದಲ ವಾರದಲ್ಲಿ ಶುರು. ಎಂದಿನಂತೆ ಪಟ್ಟಿ ಹಾಕಿದೆ, ಆರು ತಿಂಗಳು ಬಂತು. ಒಂಬತ್ತು ಅಂಕಿಗಳ ನಡುವಿನದು 1.5, ಗುಣಿಸಿದರೆ ಒಂಬತ್ತು ತಿಂಗಳು. ಒಂಬತ್ತರಲ್ಲಿ ಏಳು ಮನೆ 1.67ರ ಒಳಗಿವೆ, ಹಾಗಾದರೆ ಹತ್ತು ತಿಂಗಳು. ಮೇಷ್ಟ್ರಿಗೆ ಒಂದು ತಾರೀಕಿನ ಬದಲು ಎರಡು ಹೇಳಿದೆ. "ಸರ, ಮಾರ್ಚ್ ಮೊದಲ ವಾರಕ್ಕೆ ಮುಗಿಯೋದು ಫಿಫ್ಟಿ ಫಿಫ್ಟಿ. ಏಪ್ರಿಲ್ ಮೊದಲ ವಾರ ಅಂದ್ರೆ ಐದರಲ್ಲಿ ನಾಲ್ಕು ಸಲ ಮುಗಿಯುತ್ತೆ. ಕಾರ್ಡ್ ಹೊಡೆಸೋದಿದ್ರೆ ಎರಡನೆಯದನ್ನ ನೋಡಿ ಹೊಡೆಸ್ರಿ."

ಅವರು ಕನ್ನಡಕ ತೆಗೆದು, "ಡಿಸೆಂಬರಿಗೆ ಕೊಡ್ತೀನಿ ಅಂತ ಇನ್ನೊಬ್ಬರು ಹೇಳ್ಯಾರಲ್ಲೋ?" ಅಂದರು. ಆ ಒಂಬತ್ತು ಮನೆಗಳ ಹಾಳೆ ತೋರಿಸಿದೆ. ಗಣಿತದ ಮೇಷ್ಟ್ರು, ಒಪ್ಪಿಕೊಂಡರು. ಎಲ್ಲರೂ ಒಪ್ಪಲ್ಲ, ಅದೇ ತಿಂಗಳು ಇನ್ನೊಂದು ಕೆಲಸ ಇದೇ ಮಾತಿಗೆ ನನ್ನ ಕೈ ತಪ್ಪಿತು.

ಹತ್ತು ತಿಂಗಳು ಹೇಳಿದ್ದೀನಿ ಅಂತ ಗೌಂಡಿಗೆ ಹೇಳಲಿಲ್ಲ. ಅವನಿಗೆ ಹಳೆಯ 25 ವಾರದ ಪಟ್ಟಿಯೇ. ಪುರುಸೊತ್ತು ಇದೆ ಅಂತ ಗೊತ್ತಾದರೆ ಅದು ಮೊದಲ ತಿಂಗಳಲ್ಲೇ ಕರಗಿಹೋಗುತ್ತದೆ, ಅಡ್ಡಿ ಬಂದಾಗ ಏನೂ ಉಳಿದಿರಲ್ಲ. ಆಗಸ್ಟಿನಲ್ಲಿ ಜನ ನಾಟಿಗೆ ಹೋದರು, ಮೂರು ವಾರ ಹೋಯಿತು. ಬಾಗಿಲ ಕಟ್ಟಿಗೆ ಹಸಿ ಬಂತು, ವಾಪಸ್ ಕಳಿಸಿದೆವು. ಜನವರಿಯಲ್ಲಿ ಜಾತ್ರೆ. ಮಾರ್ಚ್ ಮೂರನೇ ವಾರ ಮೇಷ್ಟ್ರು ಒಳಗೆ ಬಂದರು, ಒಂಬತ್ತೂವರೆ ತಿಂಗಳು. ವಾಸ್ತುಶಾಂತಿ ಏಪ್ರಿಲ್‌ನಲ್ಲಿ, ಬಚ್ಚಲಿಗೆ ಬಾಗಿಲು ಇತ್ತು.

ಒಂದು ಕಡೆ ಮಾತ್ರ ಜೋಪಾನ ಇರಬೇಕು. ಅನುಭವ ಬಂದ ಮೇಲೆ ಪಟ್ಟಿ ಹಾಕುವಾಗಲೇ ಕೈ ಧಾರಾಳ ಆಗುತ್ತದೆ, ಗಿಲಾವಿಗೆ 4 ವಾರದ ಬದಲು 6 ಬರೆಯೋಣ ಅನಿಸುತ್ತದೆ. ಅದನ್ನು ಮತ್ತೆ 1.5ರಿಂದ ಗುಣಿಸಿದರೆ ಒಂದೇ ತಡವನ್ನು ಎರಡು ಸಲ ಎಣಿಸಿದಂತೆ. ಗುಣಿಸೋದಾದರೆ ಪಟ್ಟಿ ಮೊದಲು ಹೇಗೆ ಹಾಕುತ್ತಿದ್ದೆವೋ ಹಾಗೇ, ಅದೇ ಹುಂಬತನದಲ್ಲೇ ಹಾಕಬೇಕು. ಹಾಗೇ "ಈ ಸಲ ಒಳ್ಳೆ ಗೌಂಡಿ ಇದ್ದಾನೆ" ಅಂತ ಅಂಕಿ ಇಳಿಸಬಾರದು. ಹಳೆಯ ಒಂಬತ್ತಕ್ಕೂ ಶುರುವಿನಲ್ಲಿ ಅದನ್ನೇ ಅಂದುಕೊಂಡಿದ್ದೆ. ಕೈಯಲ್ಲಿ ಪೂರ್ತಿ ದುಡ್ಡು ಇಟ್ಟುಕೊಂಡ ಮಾಲೀಕರ ಮನೆಗಳು ಬೇಗ ಮುಗಿದಂತೆ ಕಾಣುತ್ತವೆ, ಆದರೆ ಅಂಥವು ನನ್ನ ಹತ್ತಿರ ಮೂರೇ ಇವೆ, ಮೂರನ್ನು ನಂಬಿ ಬೇರೆ ಗುಂಪು ಮಾಡೋಕೆ ನನಗೆ ಧೈರ್ಯ ಬಂದಿಲ್ಲ.

ಈಗ ಗಂಗಾವತಿಯಲ್ಲಿ ಒಂದು ಎರಡಂತಸ್ತಿನ ಮನೆ ಬಂದಿದೆ, ಕೆಳಗೆ ಅಂಗಡಿ, ಮೇಲೆ ಮನೆ. ಇದಕ್ಕೆ ನನ್ನ ಹಾಳೆ ನಡೆಯಲ್ಲ, ಇಂಥದ್ದು ನಾನು ಒಂದೂ ಕಟ್ಟಿಲ್ಲ. ರಾಯಚೂರಿನ ಇಬ್ಬರು ಗೆಳೆಯರಿಗೆ ಫೋನ್ ಮಾಡಿ ಅವರ ಹಳೆಯ ಮನೆಗಳ ತಾರೀಕು ಕೇಳಿದ್ದೇನೆ. ಒಬ್ಬ ನೆನಪಿನಿಂದ ಹೇಳೋಕೆ ಶುರು ಮಾಡಿದ. ಬೇಡಪ್ಪ, ವಾಟ್ಸಾಪ್ ನೋಡಿ ಹೇಳು ಅಂದೆ. ಅದಾದ ಮೇಲೆ ಎರಡು ದಿನದಿಂದ ಅವನ ಫೋನ್ ಬಂದಿಲ್ಲ.