500 mL ಬರೆಯೋ ಬದಲು 500 ML ಬರೆದ್ರೆ ಏನಾಗತ್ತೆ: ಪ್ರಬಂಧದಲ್ಲಿ ಅಂಕಿ, ಯೂನಿಟ್ ಬರೆಯೋದು ಹೇಗೆ

ನಮ್ಮಕ್ಕನ ಮಗಳು ಎಂಎ ಪ್ರಬಂಧಕ್ಕೆ ಒಂದು ಹಳ್ಳಿಯ ಕುಡಿಯೋ ನೀರಿನ ಸರ್ವೆ ಮಾಡಿದ್ಲು, ಸಬ್ಮಿಟ್ ಮಾಡೋಕೆ ಮುಂಚೆ ಒಂದ್ಸಲ ನೋಡು ಚಿಕ್ಕಮ್ಮ ಅಂತ ಕಳಿಸಿದ್ಲು. ಕೆಲಸ ಚೆನ್ನಾಗಿತ್ತು, ಆದ್ರೆ ಒಂದು ಪ್ಯಾರಾ ಹೀಗಿತ್ತು:

"36 ಮನೆಗಳಿಂದ ತಲಾ 500ML ನೀರು ಸಂಗ್ರಹಿಸಲಾಯಿತು. 3 ಬೋರ್‌ವೆಲ್ ಕೆಟ್ಟಿದ್ದವು. ಫ್ಲೋರೈಡ್ ಸರಾಸರಿ 1.8472PPM. 38.8889% ಮನೆಯವರು ಆರ್‌ಒ ನೀರು ಕುಡಿಯುತ್ತಾರೆ, ವಾರಕ್ಕೆ 2 20Ltrs. ಕ್ಯಾನ್. ಆದಾಯಕ್ಕೂ ಇದಕ್ಕೂ ಸಂಬಂಧ ಇದೆ (p = 0.000)."

ಈ ಪ್ಯಾರಾನ ನಾವಿಬ್ರೂ ಕೂತು ಹೇಗೆ ಸರಿ ಮಾಡಿದ್ವಿ ಅಂತ ಇಲ್ಲಿ ಬರೀತೀನಿ.

ಮೊದಲು ಯೂನಿಟ್ ನೋಡಿ

ಯಾಕಂದ್ರೆ ಇಲ್ಲಿ ತಪ್ಪಾದ್ರೆ ಅರ್ಥಾನೇ ಬದಲಾಗತ್ತೆ. ಯೂನಿಟ್ ಚಿಹ್ನೆಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಚಿಕ್ಕ m ಅಂದ್ರೆ ಮಿಲಿ, ಸಾವಿರದಲ್ಲೊಂದು ಪಾಲು. ದೊಡ್ಡ M ಅಂದ್ರೆ ಮೆಗಾ, ಹತ್ತು ಲಕ್ಷ ಪಟ್ಟು. ಹಾಗಾಗಿ 500 mL ಅಂದ್ರೆ ಅರ್ಧ ಲೀಟರ್, 500 ML ಅಂದ್ರೆ 50 ಕೋಟಿ ಲೀಟರ್! ಕಾವೇರಿ ಐದನೇ ಹಂತದಿಂದ ಬೆಂಗಳೂರಿಗೆ 775 MLD, ಅಂದ್ರೆ ದಿನಕ್ಕೆ 775 ಮೆಗಾಲೀಟರ್ ನೀರು ಅಂತ ಪೇಪರಲ್ಲಿ ಓದ್ತೀವಲ್ಲ, ಆ ಎಂಎಲ್‌ಡಿಯ ML ಇದೇನೇ. ನಮ್ಮ ಹುಡುಗಿ ಬರೆದಿದ್ದನ್ನ ಅಕ್ಷರಶಃ ಓದಿದ್ರೆ ಒಂದೊಂದು ಮನೆಯಿಂದ, ಐದನೇ ಹಂತದಿಂದ ಬೆಂಗಳೂರಿಗೆ ಒಂದು ದಿನಕ್ಕೆ ಬರೋ ನೀರಿನ ಅರ್ಧಕ್ಕಿಂತ ಹೆಚ್ಚು ನೀರು ತಂದ ಹಾಗಾಯ್ತು.

ಕಿಲೋದ k ಯಾವಾಗ್ಲೂ ಚಿಕ್ಕದು, ಯಾಕಂದ್ರೆ ದೊಡ್ಡ K ಕೆಲ್ವಿನ್‌ಗೆ ಮೀಸಲು. ಹಾಗಾಗಿ kg, km ಅಷ್ಟೇ, Kg ಅಲ್ಲ KM ಅಲ್ಲ. ಲೀಟರ್‌ಗೆ ಮಾತ್ರ l, L ಎರಡೂ ನಡೆಯತ್ತೆ, ಚಿಕ್ಕ l ಒಂದು ಅಂಕಿ ಥರ ಕಾಣತ್ತೆ ಅಂತ 1979ರಲ್ಲಿ ದೊಡ್ಡ L ಅನ್ನೂ ಒಪ್ಪಿಕೊಂಡ್ರು. ನಾನಂತೂ L ಹಾಕು ಅಂತೀನಿ.

ಆಮೇಲೆ ಚಿಹ್ನೆ ಅನ್ನೋದು ಪದದ ತುಂಡಲ್ಲ, ಪ್ಲಸ್ ಮೈನಸ್ ಇದ್ದ ಹಾಗೆ ಒಂದು ಗುರುತು. ಅದಕ್ಕೇ ಬಹುವಚನ ಇಲ್ಲ, ಮುಂದೆ ಚುಕ್ಕಿ ಇಲ್ಲ: Ltrs. ಅನ್ನೋದು ಹೋಗ್ಬೇಕು. ಅಂಕಿಗೂ ಚಿಹ್ನೆಗೂ ಮಧ್ಯ ಒಂದು ಸ್ಪೇಸ್ ಬೇಕು. ಆ ಸ್ಪೇಸ್‌ನಿಂದ ಇನ್ನೊಂದು ತಲೆನೋವು ಬರತ್ತೆ, ಸಾಲಿನ ಕೊನೆಗೆ 500 ಉಳ್ಕೊಂಡು mL ಕೆಳಗಿನ ಸಾಲಿಗೆ ಇಳಿಯತ್ತೆ. ವರ್ಡ್‌ನಲ್ಲಿ ಸ್ಪೇಸ್ ಬದಲು Ctrl+Shift+Space ಒತ್ತಿದ್ರೆ ಎರಡೂ ಒಟ್ಟಿಗೇ ಇರತ್ತೆ.

ಕನ್ನಡದಲ್ಲಿ ಬರೆಯೋರಿಗೆ ಒಂದು ವಿಶೇಷ ತೊಂದರೆ ಇದೆ, ನಾವು ಎಲ್ಲದಕ್ಕೂ ವಿಭಕ್ತಿ ಅಂಟಿಸ್ತೀವಿ. mLನಷ್ಟು, kgಯಿಂದ ಅಂತ ಬರೆದ್ರೆ ಚಿಹ್ನೆ ಯಾವುದು ಪ್ರತ್ಯಯ ಯಾವುದು ಗೊತ್ತಾಗಲ್ಲ. ವಾಕ್ಯ ತಿರುಗಿಸಿ, ಪ್ರತ್ಯಯ ನಾಮಪದಕ್ಕೆ ಬೀಳೋ ಹಾಗೆ ಮಾಡಿ: "500 mL ನೀರಿನಲ್ಲಿ". ಗ್ರಾ. ಅಂತ ಚುಕ್ಕಿ ಹಾಕಿ ಬರೆಯೋದಂತೂ ಬೇಡವೇ ಬೇಡ, ಇಂಥ ಪ್ರಬಂಧದಲ್ಲಿ ಅದು ಗ್ರಾಮವೋ ಗ್ರಾಮೋ ಯಾರಿಗೆ ಗೊತ್ತು!

ಇನ್ನು ppm. ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಅಂತ, ಸರಿ, ಆದ್ರೆ ತೂಕದಲ್ಲೋ ಗಾತ್ರದಲ್ಲೋ ಅದು ಹೇಳಲ್ಲ. ಕುಡಿಯೋ ನೀರಿನಲ್ಲಿ 1 ppm ಹೆಚ್ಚುಕಡಿಮೆ 1 mg/L ಆಗತ್ತೆ, ಅದಕ್ಕೇ ನೇರವಾಗಿ mg/L ಬರೆದ್ಬಿಡಿ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲೂ ಫ್ಲೋರೈಡ್ ಮಿತಿ 1.0 mg/L, ಬೇರೆ ನೀರಿನ ಮೂಲ ಇಲ್ಲದಿದ್ರೆ 1.5 ತನಕ ಅಂತಿದೆ, ಹೋಲಿಕೆ ಮಾಡೋಕೂ ಸುಲಭ.

ಎಣಿಸಿದ್ದೋ ಅಳೆದಿದ್ದೋ?

ಅಂಕಿಯಲ್ಲಿ ಬರೀಬೇಕೋ ಅಕ್ಷರದಲ್ಲೋ ಅನ್ನೋ ಗೊಂದಲಕ್ಕೆ ಈ ಒಂದು ಪ್ರಶ್ನೆ ಸಾಕು. ಅಳೆದಿದ್ದು, ಅಂದ್ರೆ ಪಕ್ಕದಲ್ಲಿ ಯೂನಿಟ್ ಇರೋದು, ಎಷ್ಟೇ ಚಿಕ್ಕದಾದ್ರೂ ಅಂಕಿಯಲ್ಲೇ: 3 km, 5 mg. ಎಣಿಸಿದ್ದಾದ್ರೆ ಸಮಾಜ ವಿಜ್ಞಾನದಲ್ಲಿ ಹೆಚ್ಚು ಜನ ಬಳಸೋ ಎಪಿಎ ಶೈಲಿ ಪ್ರಕಾರ ಹತ್ತಕ್ಕಿಂತ ಕಮ್ಮಿ ಇರೋದು ಅಕ್ಷರದಲ್ಲಿ, 10 ಮತ್ತು ಮೇಲಿಂದು ಅಂಕಿಯಲ್ಲಿ. ಹಾಗಾಗಿ "ಮೂರು ಬೋರ್‌ವೆಲ್", "36 ಮನೆ".

ವಾಕ್ಯ ಅಂಕಿಯಿಂದ ಶುರು ಮಾಡ್ಬೇಡಿ. ಹಿಂದಿನ ವಾಕ್ಯ ಅಂಕಿಯಲ್ಲಿ ಮುಗಿದಿದ್ರೆ ಮಧ್ಯದ ಚುಕ್ಕಿ ದಶಮಾಂಶದ ಚುಕ್ಕಿ ಥರ ಕಾಣತ್ತೆ. ಮುಂದೆ "ಒಟ್ಟು" ಸೇರಿಸಿದ್ರೆ ಕನ್ನಡದಲ್ಲಿ ಸಮಸ್ಯೆ ಮುಗೀತು. ಅದೇ ಥರ ಎರಡು ಅಂಕಿ ಅಕ್ಕಪಕ್ಕ ಬಂದ್ರೆ, "2 20" ಅನ್ನೋದನ್ನ ಇನ್ನೂರಾ ಇಪ್ಪತ್ತು ಅಂತ ಓದೋರಿದ್ದಾರೆ, ಎಣಿಕೆಯನ್ನ ಅಕ್ಷರಕ್ಕೆ ತಂದು "20 L ಅಳತೆಯ ಎರಡು ಕ್ಯಾನ್" ಮಾಡಿ.

ದಶಮಾಂಶ ಎಷ್ಟು?

ನನಗೆ ಅತಿ ಹೆಚ್ಚು ಬೇಜಾರಾಗೋ ತಪ್ಪು ಇದು. ಅವಳ ಮೀಟರ್ 0.1 ತನಕ ಮಾತ್ರ ತೋರಿಸತ್ತೆ, ಎಕ್ಸೆಲ್ ಭಾಗಾಕಾರ ಮಾಡಿ 1.8472 ಕೊಟ್ಟಿದೆ. ಆ ಕೊನೆಯ ಅಂಕಿಗಳನ್ನ ಯಾರೂ ಅಳೆದೇ ಇಲ್ಲ! ಅಳೆಯದೇ ಇರೋದನ್ನ ಅಳೆದ ಹಾಗೆ ಬರೆಯೋದು ಓದೋರಿಗೆ ಸುಳ್ಳು ಹೇಳಿದ ಹಾಗೆ. 1.8 ಸಾಕು. ಶೇಕಡಾವೂ ಅಷ್ಟೇ, 36 ಮನೆಯಲ್ಲಿ 14 ಮನೆ ಅಂದ್ರೆ 39%, ಒಂದೇ ಒಂದು ಮನೆ ಉತ್ತರ ಬದಲಿಸಿದ್ರೂ ಸುಮಾರು 3 ಅಂಕ ಅತ್ತಿತ್ತ ಆಗತ್ತೆ, ಅಲ್ಲಿ 38.8889 ಅನ್ನೋಕೆ ಏನಿದೆ? ಶೇಕಡಾ ಜೊತೆ ಮೂಲ ಎಣಿಕೆಯನ್ನೂ ಕೊಡಿ, ಓದೋರು ತಾವೇ ತೂಗಿ ನೋಡ್ತಾರೆ. ಅಂದಹಾಗೆ % ಮುಂಚೆ ಸ್ಪೇಸ್ ಬೇಕು ಅನ್ನತ್ತೆ ಎಸ್‌ಐ ಪದ್ಧತಿ, ಬೇಡ ಅನ್ನತ್ತೆ ಎಪಿಎ. ನಿಮ್ಮ ವಿಭಾಗ ಯಾವುದನ್ನ ಕೇಳತ್ತೋ ಅದನ್ನ ಹಿಡಿದು ಕೊನೆ ತನಕ ಅದೇ ಬಳಸಿ.

p = 0.000 ಅನ್ನೋದು ಸಾಫ್ಟ್‌ವೇರ್ ಮೂರು ಸ್ಥಾನಕ್ಕೆ ರೌಂಡ್ ಮಾಡಿ ತೋರಿಸಿದ್ದು ಅಷ್ಟೇ, ಸಂಭವನೀಯತೆ ನಿಜಕ್ಕೂ ಸೊನ್ನೆ ಅಂತ ಅಲ್ಲ. `p < .001` ಅಂತ ಬರೀಬೇಕು. ಚುಕ್ಕಿ ಮುಂಚೆ ಸೊನ್ನೆ ಯಾಕಿಲ್ಲ ಅಂತ ಅವಳು ಕೇಳಿದ್ಲು. p ಬೆಲೆ ಒಂದನ್ನ ದಾಟೋಕೇ ಆಗಲ್ಲ, ಅಂಥವಕ್ಕೆ ಎಪಿಎಯಲ್ಲಿ ಸೊನ್ನೆ ಬೇಡ. ಆದ್ರೆ ಫ್ಲೋರೈಡ್ ಒಂದನ್ನ ದಾಟತ್ತೆ, ಅದಕ್ಕೆ 0.8 mg/L ಅಂತ ಸೊನ್ನೆ ಬೇಕೇ ಬೇಕು, ಇಲ್ಲಾಂದ್ರೆ ಮಸುಕಾದ ಜೆರಾಕ್ಸ್‌ನಲ್ಲಿ ಚುಕ್ಕಿ ಅಳಿಸಿ 8 ಆಗಿಬಿಡತ್ತೆ.

ಸಂಕ್ಷೇಪ ಕೊನೆಗೆ

ಮೊದಲ ಸಲ ಪೂರ್ತಿ ಹೆಸರು, ಪಕ್ಕದ ಬ್ರಾಕೆಟ್‌ನಲ್ಲಿ ಸಂಕ್ಷೇಪ, ಆಮೇಲೆ ಬರೀ ಸಂಕ್ಷೇಪ. ಇಡೀ ಪ್ರಬಂಧದಲ್ಲಿ ಮೂರು ಸಲಾನೂ ಬರದೇ ಇದ್ರೆ ಸಂಕ್ಷೇಪ ಮಾಡ್ಲೇಬೇಡಿ. kg, mL ಥರದವಕ್ಕೆ ಈ ವಿವರಣೆ ಬೇಕಿಲ್ಲ. ಸಾರಾಂಶದಲ್ಲಿ ಒಂದ್ಸಲ ಬಿಡಿಸಿ ಹೇಳಿದ್ರೂ ಮೊದಲ ಅಧ್ಯಾಯದಲ್ಲಿ ಮತ್ತೆ ಹೇಳ್ಬೇಕು, ಯಾಕಂದ್ರೆ ಸಾರಾಂಶ ಬೇರೆಯಾಗಿಯೇ ಓಡಾಡತ್ತೆ.

ಇಷ್ಟಾದ ಮೇಲೆ ಪ್ಯಾರಾ ಹೀಗಾಯ್ತು:

"ಒಟ್ಟು 36 ಮನೆಗಳಿಂದ ತಲಾ 500 mL ನೀರು ಸಂಗ್ರಹಿಸಲಾಯಿತು. ಮೂರು ಬೋರ್‌ವೆಲ್ ಕೆಟ್ಟಿದ್ದವು. ಫ್ಲೋರೈಡ್ ಸರಾಸರಿ 1.8 mg/L ಇತ್ತು. ಇವರಲ್ಲಿ 14 ಮನೆಯವರು (39%) ರಿವರ್ಸ್ ಆಸ್ಮೋಸಿಸ್ (ಆರ್‌ಒ) ಘಟಕದ ನೀರು ಕುಡಿಯುತ್ತಾರೆ, ವಾರಕ್ಕೆ 20 L ಅಳತೆಯ ಎರಡು ಕ್ಯಾನ್ ತರುತ್ತಾರೆ. ಆದಾಯಕ್ಕೂ ಆರ್‌ಒ ನೀರಿನ ಬಳಕೆಗೂ ಸಂಬಂಧ ಕಂಡುಬಂತು (p < .001)."

ಉಳಿದ ಅಧ್ಯಾಯಗಳಿಗೆ ಅವಳು ವರ್ಡ್‌ನ ಫೈಂಡ್‌ನಲ್ಲಿ ಮ್ಯಾಚ್ ಕೇಸ್ ಆನ್ ಮಾಡಿ ML, Kg, Ltr, 0.000 ಅಂತ ಒಂದೊಂದೇ ಹುಡುಕಿದ್ಲು. ರಿಪ್ಲೇಸ್ ಆಲ್ ಮಾತ್ರ ಒತ್ತೋಕೆ ಬಿಡಲಿಲ್ಲ ನಾನು, ಯಾಕಂದ್ರೆ ಎರಡನೇ ಅಧ್ಯಾಯದಲ್ಲಿ ನಗರದ ನೀರು ಪೂರೈಕೆ ಬಗ್ಗೆ ಬರೆದಿದ್ದ ಕಡೆ ಇದ್ದ MLD ಸರಿಯಾಗೇ ಇತ್ತು.